ರಬ್ಬರ್ ಮುಟ್ಟದ ಪುಟ

ಪ್ರಥಮ ಪಿಯುಸಿಯ ಮಕ್ಕಳು ಭೌತಶಾಸ್ತ್ರದ ಲ್ಯಾಬಿಗೆ ಕಾಲಿಡುವ ಮುನ್ನ ಬೋಧಕರು ಅವರ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರ ಒಂದು ಬದಿಯಲ್ಲಿ ಸುರಕ್ಷತೆಯ ಮಾತು, ಇನ್ನೊಂದು ಬದಿಯಲ್ಲಿ ಆಬ್ಸರ್ವೇಶನ್ ಪುಸ್ತಕ ಬರೆಯುವ ಕ್ರಮ. ಮೊದಲ ಬದಿಯನ್ನು ಮಕ್ಕಳು ಒಂದಿಷ್ಟು ಭಯದಿಂದಲಾದರೂ ಓದುತ್ತಾರೆ. ಎರಡನೆಯದನ್ನು ಹೆಚ್ಚಿನವರು ಮಡಚಿ ಜೇಬಿಗೆ ಸೇರಿಸುತ್ತಾರೆ. ಅಲ್ಲಿ ಬರೆದಿರುವ ‘ರೀಡಿಂಗ್ ಅಳಿಸಬಾರದು’ ಎಂಬ ಸಾಲು ಬರೀ ಶಿಸ್ತಿನ ಮಾತು ಎಂದು ಅವರ ಎಣಿಕೆ.

ಸುರಕ್ಷತೆಯ ಬದಿ ಚಿಕ್ಕದು. ಲ್ಯಾಬಿನಲ್ಲಿ ಎಲ್ಲರೂ ಹೆದರುವುದು ಶಾಕ್‌ಗೆ. ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಇರುವುದರಿಂದ ಆ ಹೆದರಿಕೆ ಸರಿಯೇ. ಆದರೆ ಮೇಜಿನ ಮೇಲಿನ 2 ವೋಲ್ಟಿನ ಸೀಸ-ಆಮ್ಲದ ಸೆಲ್ ಶಾಕ್ ಕೊಡುವುದಿಲ್ಲ, ಸುಡುತ್ತದೆ. ಅದರ ಆಂತರಿಕ ರೋಧ ತೀರಾ ಕಡಿಮೆ. ಎರಡು ತುದಿಗಳನ್ನು ಒಂದೇ ತಂತಿಯಿಂದ ನೇರವಾಗಿ ಜೋಡಿಸಿದರೆ ಹತ್ತಾರು ಆಂಪಿಯರ್ ಹರಿದು, ಬೆರಳಲ್ಲಿ ಹಿಡಿದ ತಂತಿಯೇ ಕಾದು ಹೋಗುತ್ತದೆ. ಆಮ್ಮೀಟರನ್ನು ಸರಣಿಯಲ್ಲಿ ಹಾಕುವ ಬದಲು ಸೆಲ್ಲಿಗೆ ಸಮಾಂತರವಾಗಿ ಹಾಕಿದಾಗಲೂ ಆಗುವುದು ಇದೇ. ಮಂಡಲ ಜೋಡಿಸಿ, ಪ್ಲಗ್ ಕೀ ತೆಗೆದಿಟ್ಟು, ಬೋಧಕರಿಗೆ ತೋರಿಸಿದ ಮೇಲೆಯೇ ಕೀ ಹಾಕಬೇಕು ಎಂಬ ನಿಯಮ ಇರುವುದು ಅದಕ್ಕೆ.

ಇನ್ನೊಂದು ಎಚ್ಚರ ಒಡೆದ ಪಾದರಸದ ಥರ್ಮಾಮೀಟರಿನದು. ನೆಲದ ಮೇಲೆ ಉರುಳುವ ಬೆಳ್ಳಿಯಂಥ ಗುಂಡುಗಳನ್ನು ಕಂಡರೆ ಮುಟ್ಟಬೇಕೆನಿಸುವುದು ಸಹಜ, ಆದರೆ ಮುಟ್ಟಬಾರದು. ಪೊರಕೆಯಲ್ಲಿ ಗುಡಿಸಿದರೆ ಗುಂಡುಗಳು ಇನ್ನಷ್ಟು ಸಣ್ಣದಾಗಿ ಒಡೆದು ಹರಡುತ್ತವೆ, ವಿಷದ ಆವಿಯೂ ಹೆಚ್ಚುತ್ತದೆ. ಕಿಟಕಿ ತೆರೆದು, ದೂರ ಸರಿದು, ಕೂಡಲೇ ಬೋಧಕರಿಗೆ ಹೇಳಬೇಕು. ಬೈಗುಳಕ್ಕೆ ಹೆದರಿ ಗುಂಡುಗಳನ್ನು ಮೇಜಿನ ಅಡಿಗೆ ತಳ್ಳುವುದೇ ಇಲ್ಲಿ ದೊಡ್ಡ ಅಪಾಯ.

ತಪ್ಪನ್ನು ಬಚ್ಚಿಡುವ ಈ ಸ್ವಭಾವ ಹಾಳೆಯ ಎರಡನೆಯ ಬದಿಯಲ್ಲೂ ಎದುರಾಗುತ್ತದೆ. ಸರಳ ಲೋಲಕದ ಪ್ರಯೋಗವನ್ನೇ ನೋಡಬಹುದು. ಸ್ಟ್ಯಾಂಡಿಗೆ ಸಿಕ್ಕಿಸಿದ ಸೀಳು ಬೆಂಡಿನಿಂದ ದಾರ ಇಳಿಬಿಟ್ಟು, ತುದಿಗೆ ಲೋಹದ ಗುಂಡು ಕಟ್ಟಿ ತೂಗಿಸುವುದು. 20 ಆಂದೋಲನಗಳಿಗೆ ಹಿಡಿದ ಸಮಯದಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕುವುದು. ಒಂದು ಆಂದೋಲನದ ಬದಲು 20 ಯಾಕೆ ಎಂದರೆ, ಸ್ಟಾಪ್‌ವಾಚ್ ಒತ್ತುವ ಬೆರಳು ಸುಮಾರು 0.2 ಸೆಕೆಂಡಿನಷ್ಟು ಹಿಂದೆಮುಂದೆ ಆಗುತ್ತದೆ. ಆ ತಪ್ಪನ್ನು ಇಪ್ಪತ್ತಕ್ಕೆ ಹಂಚಿದರೆ ಒಂದು ಆಂದೋಲನಕ್ಕೆ ಬರುವುದು 0.01 ಸೆಕೆಂಡ್ ಮಾತ್ರ.

ಒಬ್ಬ ವಿದ್ಯಾರ್ಥಿನಿ ದಾರವನ್ನು 98.9 ಸೆಂ.ಮೀ. ಎಂದು ಅಳೆದಳು ಎಂದುಕೊಳ್ಳೋಣ. ಗುಂಡಿನ ತ್ರಿಜ್ಯ 1.1 ಸೆಂ.ಮೀ. ಲೋಲಕದ ಉದ್ದವನ್ನು ಗುಂಡಿನ ನಡುವಿನವರೆಗೆ ತೆಗೆದುಕೊಳ್ಳಬೇಕಾದ್ದರಿಂದ ಒಟ್ಟು 100.0 ಸೆಂ.ಮೀ. ಮೂರು ಸಲ ತೂಗಿಸಿದಾಗ ಸಿಕ್ಕ ಸಮಯ 40.2, 40.1 ಮತ್ತು 38.1 ಸೆಕೆಂಡ್.

ಮೂರನೆಯದು ಕಣ್ಣಿಗೆ ಚುಚ್ಚುತ್ತದೆ. “ಸರ್, ಇದನ್ನು ಅಳಿಸಿಬಿಡಲಾ?” ಎಂದು ಕೇಳುತ್ತಾಳೆ. “ಬೇಡಮ್ಮಾ, ಮೊದಲು ಅದು ಎಷ್ಟು ಕಡಿಮೆ ಇದೆ ನೋಡು,” ಎನ್ನುತ್ತಾರೆ ಬೋಧಕರು.

ಕಡಿಮೆ ಇರುವುದು ಸರಿಯಾಗಿ 2 ಸೆಕೆಂಡ್. ಒಂದು ಮೀಟರ್ ಲೋಲಕದ ಒಂದು ಆಂದೋಲನಕ್ಕೆ ಬೇಕಾಗುವುದೂ 2 ಸೆಕೆಂಡೇ. ಅಂದರೆ ಬೆರಳು ತಪ್ಪಿಲ್ಲ, ಗಡಿಯಾರ ಕೆಟ್ಟಿಲ್ಲ. ವಾಚ್ ಒತ್ತುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಕೆ ಶುರು ಮಾಡಿದ್ದರಿಂದ ಇಪ್ಪತ್ತೆಂದು ಎಣಿಸಿದ್ದು ನಿಜಕ್ಕೂ ಹತ್ತೊಂಬತ್ತು. ಬೆರಳಿನ ತಪ್ಪು ಹೆಚ್ಚೆಂದರೆ ಸೆಕೆಂಡಿನ ಕೆಲವು ಹತ್ತನೇ ಭಾಗದಷ್ಟು. ಪೂರ್ತಿ ಒಂದು ಆಂದೋಲನದಷ್ಟು ವ್ಯತ್ಯಾಸ ಬಂದರೆ ಅದು ಎಣಿಕೆಯ ತಪ್ಪು. ಅಳಿಸಿದ್ದರೆ ಈ ಸುಳಿವೂ ಅಳಿಸಿಹೋಗುತ್ತಿತ್ತು, ಮುಂದಿನ ಉದ್ದಕ್ಕೂ ಅವಳು ‘ಒಂದು’ ಎಂದೇ ಶುರು ಮಾಡುವ ಸಾಧ್ಯತೆಯಿತ್ತು.

ಹಾಳೆ ಹೇಳುವ ಕ್ರಮ ಸರಳ. 38.1ರ ಮೇಲೆ ಒಂದೇ ಗೆರೆ ಎಳೆಯಬೇಕು, ಅಂಕಿ ಓದುವಂತೆಯೇ ಇರಬೇಕು, ಪಕ್ಕದಲ್ಲಿ ‘ಎಣಿಕೆ 19’ ಎಂದು ಕಾರಣ ಬರೆದು ಮತ್ತೆ ತೂಗಿಸಬೇಕು. ನಾಲ್ಕನೆಯ ಸಲ 40.1 ಬಂತು. ಸರಾಸರಿ 40.13, ಒಂದು ಆಂದೋಲನಕ್ಕೆ 2.007 ಸೆಕೆಂಡ್. g = 4π²L/T² ಸೂತ್ರಕ್ಕೆ ಹಾಕಿದರೆ ಉತ್ತರ 9.80. ತಪ್ಪು ರೀಡಿಂಗನ್ನೂ ಸೇರಿಸಿ ಸರಾಸರಿ ತೆಗೆದಿದ್ದರೆ 10.14 ಬರುತ್ತಿತ್ತು. ಕಾರಣ ಗೊತ್ತಾದ ಮೇಲೆ ಒಂದು ರೀಡಿಂಗನ್ನು ಬಿಡುವುದು ನ್ಯಾಯ. ಕಾರಣ ಹುಡುಕದೆ, ಉತ್ತರ ಚೆನ್ನಾಗಿ ಬರಲೆಂದು ಬಿಡುವುದು ಮೋಸ.

ಉತ್ತರ 9.81ಕ್ಕೇ ಸರಿಹೊಂದಬೇಕೆಂದು ಅಂಕಿ ತಿದ್ದುವವರೂ ಇದ್ದಾರೆ. ಇದು ಎಷ್ಟು ಅರ್ಥಹೀನ ಎಂದು ತಿಳಿಯಲು ಅದೇ ಪುಟ ಸಾಕು. 40 ಸೆಕೆಂಡಿನಲ್ಲಿ 0.2 ಸೆಕೆಂಡಿನ ಅನುಮಾನವೆಂದರೆ ಶೇ. 0.5. ಸೂತ್ರದಲ್ಲಿ ಸಮಯದ ವರ್ಗ ಇರುವುದರಿಂದ ಉತ್ತರದಲ್ಲಿ ಅದು ಶೇ. 1 ಆಗುತ್ತದೆ, ಅಂದರೆ ಸುಮಾರು 0.1. ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 9.78. ಸಮಭಾಜಕಕ್ಕೆ ಹತ್ತಿರವಾಗಿ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಊರಿಗೆ ಅದು ಸಹಜ. 9.78 ಮತ್ತು 9.81ರ ನಡುವಿನ ವ್ಯತ್ಯಾಸವನ್ನು ದಾರ, ಗುಂಡು, ಬೆರಳುಗಳು ಹೇಳಲಾರವು. ಇಡೀ ತರಗತಿಯ ರೆಕಾರ್ಡುಗಳಲ್ಲಿ 9.81 ಕಂಡರೆ ಅನುಭವಿ ಬೋಧಕರು ಮೆಚ್ಚುವುದಿಲ್ಲ, ಯಾರ ಪುಸ್ತಕದಿಂದ ಬಂತೆಂದು ಕೇಳುತ್ತಾರೆ.

ಹಾಳೆಯಲ್ಲಿ ಇನ್ನೊಂದು ಸಾಲಿದೆ: ಅಳೆದದ್ದನ್ನೇ ಬರೆಯಿರಿ, ಕೂಡಿದ್ದನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಅಂದರೆ ಉದ್ದವನ್ನು ಬರೀ 100.0 ಎಂದು ಬರೆದರೆ ಸಾಲದು, ದಾರ 98.9, ತ್ರಿಜ್ಯ 1.1 ಎಂದು ಬಿಡಿಸಿ ಬರೆಯಬೇಕು. ತ್ರಿಜ್ಯ ಸೇರಿಸಲು ಮರೆತವರಿಗೆ ಉತ್ತರ 9.69 ಬರುತ್ತದೆ, ಎಲ್ಲಿ ತಪ್ಪಿತೆಂದು ಒಂದೇ ರೀಡಿಂಗಿನಿಂದ ತಿಳಿಯುವುದಿಲ್ಲ. ಐದಾರು ಉದ್ದಗಳಿಗೆ ಪ್ರಯೋಗ ಮಾಡಿ, ದಾರದ ಉದ್ದಕ್ಕೆ ಎದುರಾಗಿ ಸಮಯದ ವರ್ಗದ ಗ್ರಾಫ್ ಹಾಕಿದರೆ ನೇರ ಗೆರೆಯೇ ಬರುತ್ತದೆ, ಆದರೆ ಸೊನ್ನೆಯ ಮೂಲಕ ಹಾಯುವುದಿಲ್ಲ. ಹಿಂದಕ್ಕೆ ಎಳೆದರೆ ಉದ್ದದ ಅಕ್ಷವನ್ನು ಸೊನ್ನೆಗಿಂತ 1.1 ಸೆಂ.ಮೀ. ಹಿಂದೆ ಕಡಿಯುತ್ತದೆ. ಮರೆತ ತ್ರಿಜ್ಯವೇ ಅಲ್ಲಿ ಎದ್ದು ನಿಲ್ಲುತ್ತದೆ! ಗೆರೆಯ ಇಳಿಜಾರಿನಿಂದ ಲೆಕ್ಕ ಹಾಕಿದರೆ ಉತ್ತರವೂ ಸರಿಯಾಗಿ ಸಿಗುತ್ತದೆ. ಕೈಗೆ ಬಂದ ಅಂಕಿಗಳನ್ನು ತಿದ್ದಿದವರಿಗೆ ಈ ಗೆರೆ ಸಿಗದು.

ದೊಡ್ಡ ವಿಜ್ಞಾನಿಗಳ ಪುಟಗಳಲ್ಲೂ ಇದೇ ಪ್ರಶ್ನೆ ಎದ್ದಿದೆ. ಎಲೆಕ್ಟ್ರಾನಿನ ಆವೇಶ ಅಳೆದ ರಾಬರ್ಟ್ ಮಿಲಿಕನ್ 1913ರ ತಮ್ಮ ಲೇಖನದಲ್ಲಿ 58 ಎಣ್ಣೆ ಹನಿಗಳ ಫಲಿತಾಂಶ ಕೊಟ್ಟರು. ಅವಧಿಯಲ್ಲಿ ನೋಡಿದ ಎಲ್ಲ ಹನಿಗಳೂ ಇವೇ ಎಂದು ಬರೆದರು. ದಶಕಗಳ ನಂತರ ಇತಿಹಾಸಕಾರ ಜೆರಾಲ್ಡ್ ಹೋಲ್ಟನ್ ಅವರ ನೋಟ್‌ಪುಸ್ತಕಗಳನ್ನು ಓದಿದಾಗ ಅಲ್ಲಿದ್ದದ್ದು ನೂರಕ್ಕೂ ಹೆಚ್ಚು ಹನಿಗಳು. ಕೆಲವನ್ನು ಯಾಕೆ ಬಿಟ್ಟರು, ಬಿಟ್ಟದ್ದು ಸರಿಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲ ನಡೆಯಿತು. ಅದು ಸಾಧ್ಯವಾದದ್ದು, ಬಿಟ್ಟ ಹನಿಗಳ ಅಂಕಿಗಳನ್ನೂ ಮಿಲಿಕನ್ ತಾರೀಖು ಸಮೇತ ಉಳಿಸಿದ್ದರಿಂದ. ಲೇಖನದಲ್ಲಿ ಆಡಿದ ಮಾತು ತಪ್ಪಿತು, ನೋಟ್‌ಪುಸ್ತಕ ತಪ್ಪಲಿಲ್ಲ.

ಹಾಗಾಗಿ ಮೊದಲ ದಿನ ಲ್ಯಾಬಿಗೆ ಬರುವಾಗ ಆಬ್ಸರ್ವೇಶನ್ ಪುಸ್ತಕ ತನ್ನಿ, ಬಿಡಿ ಹಾಳೆ ಬೇಡ. ಮೇಲೆ ತಾರೀಖು, ಉಪಕರಣದ ಸಂಖ್ಯೆ, ಜೊತೆಗಾರರ ಹೆಸರು ಬರೆಯಿರಿ. ರೀಡಿಂಗುಗಳಿಗೆ ಪೆನ್ನು, ಚಿತ್ರಕ್ಕೂ ಗ್ರಾಫಿಗೂ ಪೆನ್ಸಿಲ್. ರಬ್ಬರ್ ಬೇಕಾಗುವುದು ಆ ಎರಡಕ್ಕೆ ಮಾತ್ರ.