ಮುಗಿಯದ ಸಭೆಗೆ ನಡಾವಳಿ ಬರೆಯುವುದು ಹೇಗೆ?

ಹಳ್ಳಿಯ ಹಾಲಿನ ಡೇರಿಯಲ್ಲಿ ಮಧ್ಯಾಹ್ನ ಸೇರಿದ ಆಡಳಿತ ಮಂಡಳಿ ಸಭೆ ಎಷ್ಟೇ ಎಳೆದರೂ ಸಂಜೆ ಹಾಲು ಅಳೆಯುವ ಹೊತ್ತಿಗೆ ನಿಲ್ಲಲೇಬೇಕು. ನಿರ್ದೇಶಕರೂ ಹಾಲು ಹಾಕುವವರೇ. ಮನೆಗೆ ಹೋಗಿ ಹಾಲು ಕರೆಯಬೇಕು. ಹೀಗಾಗಿ ಕಾರ್ಯಸೂಚಿಯ ಕೊನೆಯ ವಿಷಯಗಳು ಉಳಿದುಹೋಗುವುದು, ನಡುವಿನದೊಂದನ್ನು ಮುಂಚೆಯೇ ಎತ್ತಿಕೊಳ್ಳುವುದು ಅಪರೂಪವೇನಲ್ಲ. ಅದರಲ್ಲಿ ತಪ್ಪೂ ಇಲ್ಲ. ಆದರೆ ಅಂಥ ಸಭೆಯನ್ನು ಅಚ್ಚುಕಟ್ಟಾಗಿ ನಡೆದಂತೆ ತೋರಿಸಲು ಹೊರಟಾಗ ನಡಾವಳಿ ಕೆಡುತ್ತದೆ.

ಒಂದು ಸಭೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಂಡಳಿಯಲ್ಲಿ 13 ನಿರ್ದೇಶಕರು, ಬೈಲಾ ಪ್ರಕಾರ ಕೋರಂ 7. ನೋಟಿಸಿನಲ್ಲಿ ಆರು ವಿಷಯಗಳಿವೆ: 1. ಹಿಂದಿನ ಸಭೆಯ ನಡಾವಳಿ ದೃಢೀಕರಣ, 2. ತಿಂಗಳ ಜಮಾ-ಖರ್ಚು, 3. ಪಶು ಆಹಾರದ ಬಾಕಿ ವಸೂಲಿ, 4. ಒಂಬತ್ತು ಹೊಸ ಸದಸ್ಯತ್ವ ಅರ್ಜಿಗಳು, 5. ಹಾಲು ತಂಪು ಮಾಡುವ ಘಟಕದ ದುರಸ್ತಿ, 6. ಹಾಲು ಪರೀಕ್ಷಕರ ನೇಮಕ. ಮಧ್ಯಾಹ್ನ 2.30ಕ್ಕೆ ಶುರುವಾಗಿ 4 ಗಂಟೆಗೆ ಮುಗಿಯಬೇಕು.

ಎಂಟು ಜನ ಬಂದರು. ಮೊದಲ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು. ಘಟಕ ನೋಡಲು ಬಂದಿದ್ದ ತಂತ್ರಜ್ಞರು ಬೇಗ ಹೊರಡಬೇಕಿತ್ತು. ಅದಕ್ಕೆ ಐದನೆಯ ವಿಷಯ ಮುಂದೆ ಬಂತು, 48,000 ರೂಪಾಯಿಗೆ ಮಂಜೂರಾತಿ ಸಿಕ್ಕಿತು. 3.05ಕ್ಕೆ ಜಮಾ-ಖರ್ಚು ಶುರು. ಅದು ನಡೆಯುತ್ತಿದ್ದಾಗ 3.20ಕ್ಕೆ ಒಂಬತ್ತನೆಯ ನಿರ್ದೇಶಕರು ಬಂದರು. ಬಾಕಿ ವಸೂಲಿಯ ಮೇಲೆ 4.10ರವರೆಗೆ ಚರ್ಚೆಯಾಗಿ, ಬಾಕಿದಾರರ ಪಟ್ಟಿ ಇಲ್ಲದೆ ತೀರ್ಮಾನ ಬೇಡವೆಂದಾಯಿತು. ಒಂಬತ್ತು ಅರ್ಜಿಗಳಲ್ಲಿ ಐದು ಮುಗಿಯುವಷ್ಟರಲ್ಲಿ 4.35 ಆಯಿತು. ಮೂವರು ಎದ್ದು ಹೋದರು. ಉಳಿದವರು ಆರು. ಅಧ್ಯಕ್ಷರು ಸಭೆ ನಿಲ್ಲಿಸಿದರು.

ಇದನ್ನು ಬರೆಯುವಾಗ ಎದುರಾಗುವ ಮೊದಲ ಪ್ರಶ್ನೆ: ನೋಟಿಸಿನ ಕ್ರಮವೇ, ನಡೆದ ಕ್ರಮವೇ? ಎರಡೂ ರೂಢಿಯಲ್ಲಿವೆ. ಯಾವುದನ್ನು ಹಿಡಿದರೂ ವಿಷಯದ ಸಂಖ್ಯೆಯನ್ನು ಮಾತ್ರ ಬದಲಿಸಬಾರದು. ದುರಸ್ತಿ ಎರಡನೆಯದಾಗಿ ಬಂದರೂ ಅದು ವಿಷಯ 5 ಆಗಿಯೇ ಇರಬೇಕು. ಸದಸ್ಯರ ಕೈಯಲ್ಲಿರುವ ನೋಟಿಸು, ಕಡತ, ಮುಂದಿನ ಪತ್ರವ್ಯವಹಾರ ಎಲ್ಲವೂ ಆ ಸಂಖ್ಯೆಯನ್ನೇ ಹಿಡಿದು ಸಾಗುತ್ತವೆ. ನಾನು ನೋಟಿಸಿನ ಕ್ರಮವನ್ನೇ ಒಪ್ಪುತ್ತೇನೆ, ಏಕೆಂದರೆ ಹುಡುಕುವವರಿಗೆ ಅದು ಸುಲಭ. ಆದರೆ ಹಾಜರಿಯ ವಿವರದ ಕೆಳಗೆ, ವಿಷಯಗಳು ಶುರುವಾಗುವ ಮುಂಚೆ, ಹೀಗೊಂದು ಟಿಪ್ಪಣಿ ಇರಲೇಬೇಕು:

“ತಂತ್ರಜ್ಞರ ಲಭ್ಯತೆಯ ಕಾರಣ, ಸಭೆಯ ಒಪ್ಪಿಗೆ ಪಡೆದು, ವಿಷಯ 5ನ್ನು ವಿಷಯ 1ರ ನಂತರ ತೆಗೆದುಕೊಳ್ಳಲಾಯಿತು. ವಿಷಯಗಳನ್ನು 1, 5, 2, 3, 4ರ ಕ್ರಮದಲ್ಲಿ ಪರಿಶೀಲಿಸಲಾಯಿತು. ನಡಾವಳಿಯನ್ನು ಕಾರ್ಯಸೂಚಿಯ ಕ್ರಮದಲ್ಲಿ ದಾಖಲಿಸಿದೆ.”

ಈ ಟಿಪ್ಪಣಿಯನ್ನು ಬಿಟ್ಟರೆ ಏನಾಗುತ್ತದೆ ನೋಡಿ. ಓದುವವರಿಗೆ ಜಮಾ-ಖರ್ಚು ಮೊದಲು, ದುರಸ್ತಿ ಆಮೇಲೆ ಕಾಣುತ್ತದೆ. ಹಣದ ಸ್ಥಿತಿ ನೋಡಿಯೇ ಮಂಡಳಿ 48,000 ಮಂಜೂರು ಮಾಡಿದೆ ಎಂದು ಲೆಕ್ಕಪರಿಶೋಧಕರು ತಿಳಿಯುತ್ತಾರೆ. ನಿಜದಲ್ಲಿ ಮಂಜೂರಾತಿ ಕೊಟ್ಟಾಗ ಲೆಕ್ಕ ಇನ್ನೂ ಸಭೆಯ ಮುಂದೆ ಬಂದೇ ಇರಲಿಲ್ಲ. ಮಂಜೂರಾತಿ ಸರಿಯೇ ಇರಬಹುದು, ಆದರೂ ದಾಖಲೆ ಹೇಳುವ ಕಥೆ ಬೇರೆಯಾಯಿತು. ತಡವಾಗಿ ಬಂದ ನಿರ್ದೇಶಕರ ವಿಷಯವೂ ಹೀಗೆಯೇ. ಅವರ ಹೆಸರಿನ ಮುಂದೆ “3.20ಕ್ಕೆ, ವಿಷಯ 2ರ ಚರ್ಚೆಯ ನಡುವೆ ಹಾಜರು” ಎಂದಿರದಿದ್ದರೆ, ದುರಸ್ತಿ ನಿರ್ಣಯಕ್ಕೂ ಅವರು ಪಾಲುದಾರರೆಂದೇ ಅರ್ಥವಾಗುತ್ತದೆ. ಕ್ರಮ ಕೆಟ್ಟ ಸಭೆಯಲ್ಲಿ ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ವಿಷಯ ಸಂಖ್ಯೆಯ ಜೊತೆಗೇ ಬರೆಯಬೇಕಾದ್ದು ಇದಕ್ಕೇ.

ಇನ್ನು ಮುಗಿಯದ ವಿಷಯಗಳು. ಬಹಳಷ್ಟು ನಡಾವಳಿ ಪುಸ್ತಕಗಳಲ್ಲಿ “ಸಮಯಾಭಾವದಿಂದ ಉಳಿದ ವಿಷಯಗಳನ್ನು ಮುಂದೂಡಲು ತೀರ್ಮಾನಿಸಲಾಯಿತು” ಎಂಬ ಒಂದೇ ಸಾಲು ಕಾಣುತ್ತದೆ. ನಮ್ಮ ಸಭೆಗೆ ಈ ಸಾಲು ಎರಡು ರೀತಿಯಲ್ಲಿ ತಪ್ಪು. ಕೊನೆಗೆ ಉಳಿದವರು ಆರು ಜನ, ಕೋರಂ ಏಳು. ತೀರ್ಮಾನಿಸುವ ಅಧಿಕಾರವೇ ಆಗ ಸಭೆಗೆ ಇರಲಿಲ್ಲ. ಜೊತೆಗೆ ವಿಷಯ 3, 4, 6 ಒಂದೇ ಸ್ಥಿತಿಯಲ್ಲಿಲ್ಲ. ಮೂರನೆಯದನ್ನು ಕೋರಂ ಇದ್ದಾಗ ಚರ್ಚಿಸಿ, ಕಾರಣ ಕೊಟ್ಟು ಮುಂದೂಡಿದ್ದು. ನಾಲ್ಕನೆಯದು ಅರ್ಧ ಮುಗಿದದ್ದು. ಆರನೆಯದನ್ನು ಮುಟ್ಟಿಯೇ ಇಲ್ಲ. ಆದ್ದರಿಂದ ಒಂದೊಂದಕ್ಕೂ ಬೇರೆ ಬೇರೆ ಮಾತು ಬೇಕು:

“ವಿಷಯ 3: ಬಾಕಿದಾರರ ಹೆಸರು ಮತ್ತು ಮೊತ್ತದ ಪಟ್ಟಿಯನ್ನು ಕಾರ್ಯದರ್ಶಿಗಳು ಮುಂದಿನ ಸಭೆಗೆ ಮಂಡಿಸಬೇಕು, ಅಲ್ಲಿಯವರೆಗೆ ವಿಷಯವನ್ನು ಮುಂದೂಡಬೇಕು ಎಂದು ನಿರ್ಣಯಿಸಲಾಯಿತು.

ವಿಷಯ 4: ಅರ್ಜಿ 1ರಿಂದ 5ನ್ನು ಅಂಗೀಕರಿಸಲಾಯಿತು. 4.35ಕ್ಕೆ ಮೂವರು ನಿರ್ದೇಶಕರು ನಿರ್ಗಮಿಸಿ ಕೋರಂ ಇಲ್ಲವಾದ್ದರಿಂದ ಅರ್ಜಿ 6ರಿಂದ 9ನ್ನು ಪರಿಶೀಲಿಸಲಿಲ್ಲ.

ವಿಷಯ 6: ಕೈಗೆತ್ತಿಕೊಂಡಿಲ್ಲ.”

ಆರನೆಯ ವಿಷಯದ ಕೆಳಗೆ ಇಷ್ಟೇ ಸಾಕು. ಅದನ್ನು ಪೂರ್ತಿ ಬಿಟ್ಟುಬಿಡುವುದು ದೊಡ್ಡ ತಪ್ಪು. ನೋಟಿಸಿನಲ್ಲಿದ್ದ ವಿಷಯ ನಡಾವಳಿಯಲ್ಲಿ ಕಾಣೆಯಾದರೆ ಅದನ್ನು ಕೈಬಿಟ್ಟರೋ, ತಿರಸ್ಕರಿಸಿದರೋ, ಮರೆತರೋ ಯಾರಿಗೂ ತಿಳಿಯುವುದಿಲ್ಲ. ಹುದ್ದೆಗೆ ಅರ್ಜಿ ಹಾಕಿದವರು ವಿಚಾರಿಸಲು ಬಂದರೆ ತೋರಿಸಲು ಏನೂ ಇರುವುದಿಲ್ಲ. ನಾಲ್ಕನೆಯದರಲ್ಲಿ “ಐದು ಅರ್ಜಿಗಳು” ಎಂದರೆ ಸಾಲದು. ಯಾವ ಐದು ಎಂಬುದು ಅರ್ಜಿ ಸಂಖ್ಯೆ, ಹೆಸರಿನ ಸಮೇತ ಇರಬೇಕು. ಮೂರನೆಯದರ ನಲವತ್ತು ನಿಮಿಷದ ವಾದವನ್ನು ಬರೆಯುವ ಅಗತ್ಯವಿಲ್ಲ. ಏನು ತೀರ್ಮಾನವಾಯಿತು, ಯಾರು ಏನನ್ನು ತರಬೇಕು ಎಂಬುದಿದ್ದರೆ ಸಾಕು.

ಉಳಿದದ್ದು ಮುಂದೆ ಹೇಗೆ ಬರಬೇಕು ಎಂಬುದು ಸಭೆ ಯಾವ ರೀತಿ ನಿಂತಿತು ಎಂಬುದರ ಮೇಲಿದೆ. ಅದೇ ಸಭೆಯನ್ನು ಇನ್ನೊಂದು ದಿನಕ್ಕೆ ಮುಂದುವರಿಸಿದರೆ ಅದು ಹಳೆಯ ಸಭೆಯ ಎರಡನೆಯ ಬೈಠಕ್ಕು: ಉಳಿದ ವಿಷಯಗಳಿಗಷ್ಟೇ ಅಲ್ಲಿ ಅವಕಾಶ, ಸಂಖ್ಯೆಗಳೂ ಹಳೆಯವೇ. ಆದರೆ ಆ ದಿನದ ದಿನಾಂಕ, ಹೊತ್ತು, ಹಾಜರಿ, ಕೋರಂ ಬೇರೆಯಾಗಿ ಬರೆಯಬೇಕು. ಕಂಪನಿಗಳ ಮಟ್ಟಿಗೆ 2013ರ ಕಂಪನಿ ಕಾಯ್ದೆಯ 116ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮುಂದೂಡಿದ ಸಭೆಯಲ್ಲಿ ಆದ ನಿರ್ಣಯ, ಅದು ನಿಜವಾಗಿ ಆದ ದಿನದ್ದೇ. ಮೊದಲ ದಿನಕ್ಕೆ ಅದನ್ನು ಹಿಂದಕ್ಕೆ ಒಯ್ಯುವಂತಿಲ್ಲ. ಸಂಘಗಳಿಗೆ ಅವರವರ ಕಾಯ್ದೆ, ಬೈಲಾ ಬೇರೆ ಇರುತ್ತವೆ, ಅವನ್ನು ನೋಡಿಕೊಳ್ಳಬೇಕು.

ನಮ್ಮ ಡೇರಿಯಂತೆ ಸಭೆಯನ್ನು ಅಲ್ಲಿಗೇ ಮುಗಿಸಿದರೆ, ಮುಂದಿನದು ಹೊಸ ಸಭೆ, ಹೊಸ ನೋಟಿಸು. ಉಳಿದ ಮೂರು ವಿಷಯಗಳು ತಾವಾಗಿಯೇ ಅಲ್ಲಿಗೆ ಬರುವುದಿಲ್ಲ. ಕಾರ್ಯದರ್ಶಿಗಳು ಅವನ್ನು ಮತ್ತೆ ಕಾರ್ಯಸೂಚಿಗೆ ಸೇರಿಸಬೇಕು. ಹೊಸ ಸಂಖ್ಯೆ ಕೊಟ್ಟು, “ಹಿಂದಿನ ಸಭೆಯ ವಿಷಯ 4ರಿಂದ ಉಳಿದ ಅರ್ಜಿ 6-9” ಎಂದು ಮೂಲವನ್ನೂ ಕಾಣಿಸಬೇಕು. ಇವನ್ನು ನಡಾವಳಿ ದೃಢೀಕರಣ ಮುಗಿದ ಕೂಡಲೇ ಇಡುವುದು ಒಳ್ಳೆಯದು. ಕೊನೆಗೆ ಹಾಕಿದರೆ ಹಾಲಿನ ಹೊತ್ತಿಗೆ ಮತ್ತೆ ಅವೇ ಉಳಿಯುತ್ತವೆ. “ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು” ಎಂಬಲ್ಲಿಗೆ ನೇಮಕದಂಥ ವಿಷಯವನ್ನು ತಳ್ಳುವುದೂ ಸಲ್ಲದು. ಗೈರುಹಾಜರಾದವರಿಗೆ ಅದು ಬರುತ್ತದೆಂಬ ಸುಳಿವೇ ಇರುವುದಿಲ್ಲ.

ಸಹಿಗೆ ಇಡುವ ಮುಂಚೆ ಪರೀಕ್ಷೆ ಸುಲಭ. ನೋಟಿಸನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಂಖ್ಯೆಯನ್ನು ನಡಾವಳಿಯಲ್ಲಿ ಹುಡುಕಿ. ಆರಕ್ಕೆ ಆರೂ ಸಿಗಬೇಕು. ಒಂದೊಂದರ ಕೆಳಗೂ ತೀರ್ಮಾನವಾಯಿತೋ, ಭಾಗಶಃ ಮುಗಿಯಿತೋ, ಮುಂದೂಡಲಾಯಿತೋ, ಕೈಗೆತ್ತಿಕೊಳ್ಳಲೇ ಇಲ್ಲವೋ ಎಂಬುದು ತಿಳಿಯಬೇಕು. ತೀರ್ಮಾನವಾಗಿದ್ದರೆ ಆ ಹೊತ್ತಿಗೆ ಎಷ್ಟು ಜನ ಕುಳಿತಿದ್ದರು ಎಂಬುದೂ ಗೊತ್ತಾಗಬೇಕು. ಆ ದಿನ ಬಾರದಿದ್ದ ನಾಲ್ವರು ನಿರ್ದೇಶಕರು ಯಾರನ್ನೂ ಕೇಳದೆ ಇಷ್ಟನ್ನು ಓದಿ ತಿಳಿಯುವಂತಿದ್ದರೆ ಅಧ್ಯಕ್ಷರು ಧೈರ್ಯವಾಗಿ ಸಹಿ ಹಾಕಬಹುದು.