ಎರಡು ಗಂಟೆಯ ಕಡೆಗೆ ಕುಣಿದ ಜೇನು

ಹೋದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ನಮ್ಮ ಜೇನುಪೆಟ್ಟಿಗೆಯ ಬಾಗಿಲ ಮುಂದೆ ನೂರಾರು ನೊಣಗಳು ಸತ್ತು ಬಿದ್ದಿದ್ದವು. ಕೆಲವು ಇನ್ನೂ ಒದ್ದಾಡುತ್ತಿದ್ದವು. ಹೆಚ್ಚಿನವುಗಳ ನಾಲಿಗೆ ಹೊರಗೆ ಚಾಚಿಕೊಂಡಿತ್ತು. ರೋಗದಿಂದ ಸತ್ತ ಜೇನು ಹೀಗೆ ಒಂದೇ ದಿನ ರಾಶಿ ಬೀಳುವುದಿಲ್ಲ. ನಾಲಿಗೆ ಚಾಚಿ ಸತ್ತಿದೆ ಎಂದರೆ ಎಲ್ಲೋ ವಿಷ ಹೊಡೆದ ಹೂವಿಗೆ ಹೋಗಿ ಬಂದಿದೆ ಎಂದೇ ಅನುಮಾನಪಡಬೇಕು. ಆದರೆ ಯಾವ ಹೂವು, ಎಲ್ಲಿಯ ಹೂವು ಎಂದು ತಿಳಿಯಲಿಲ್ಲ. ಹದಿನೈದು ದಿನದಲ್ಲಿ ಆ ಪೆಟ್ಟಿಗೆ ಬರಿದಾಯಿತು.

ಈ ವರ್ಷ ಅದೇ ತಿಂಗಳು ಬಂದಾಗ ಆರನೇ ಕ್ಲಾಸಿನ ನನ್ನ ಮೊಮ್ಮಗಳು ಸಿರಿ ಕೇಳಿದಳು: "ಅಜ್ಜಿ, ಜೇನು ಎಲ್ಲಿಗೆ ಹೋಗ್ತದೆ ಅಂತ ಜೇನನ್ನೇ ಕೇಳಿದರೆ ಆಗೂದಿಲ್ವಾ?"

ಆಗುತ್ತದೆ ಮಕ್ಕಳೇ. ಹೂವು ಎಲ್ಲಿದೆ ಎಂದು ಜೇನು ತನ್ನ ಗೂಡಿನವರಿಗೆ ದಿನವೂ ಹೇಳುತ್ತಲೇ ಇರುತ್ತದೆ. ಅದು ಹೇಳುವುದು ಕುಣಿದು. ಆ ಕುಣಿತವನ್ನು ಓದಲು ನಾವಿಬ್ಬರೂ ಹೇಗೆ ಕಲಿತೆವು, ಎಲ್ಲಿ ಎಡವಿದೆವು ಎಂಬುದೇ ಈ ಕಥೆ.

ನಮ್ಮದು ಕುಮಟಾ ತಾಲೂಕಿನ ಹಳ್ಳಿ. ನಾವು ಸಾಕುವುದು ತುಡುವೆ ಜೇನು. ಅದು ಮರದ ಪೊಟರೆಯಲ್ಲಿ, ಹುತ್ತದಲ್ಲಿ ಕತ್ತಲೆಯೊಳಗೆ ಎರಿ ಕಟ್ಟುವ ಜಾತಿ. ಪೆಟ್ಟಿಗೆಯಲ್ಲೂ ಕತ್ತಲೆಯೇ ಬೇಕು. ಕುಣಿತ ನೋಡಬೇಕೆಂದು ಬಡಗಿಯ ಹತ್ತಿರ ಒಂದು ತೆಳ್ಳಗಿನ ಪೆಟ್ಟಿಗೆ ಮಾಡಿಸಿದೆ. ಎರಡು ಚೌಕಟ್ಟುಗಳು ಒಂದರ ಮೇಲೊಂದು ಕೂರುತ್ತವೆ, ಎರಡು ಬದಿಗೂ ಗಾಜು. ಅದನ್ನು ಜಗಲಿಯಲ್ಲಿ ಇಟ್ಟು ಕಂಬಳಿ ಹೊದಿಸಿದೆವು. ನೋಡುವಾಗ ಮಾತ್ರ ಕಂಬಳಿ ಸರಿಸಿ, ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿಯುತ್ತಿದ್ದೆವು. ಜೇನಿಗೆ ಕೆಂಪು ಬಣ್ಣ ಕಾಣುವುದಿಲ್ಲ, ಹಾಗಾಗಿ ಅದಕ್ಕೆ ಕತ್ತಲೆ ಇದ್ದ ಹಾಗೇ ಇರುತ್ತದೆ. ಹಗಲಿನ ಬೆಳಕು ನೇರವಾಗಿ ಗಾಜಿನ ಮೇಲೆ ಬಿದ್ದರೆ ಜೇನು ಆ ಬೆಳಕನ್ನು ನೋಡಿ ಕುಣಿತದ ದಿಕ್ಕನ್ನೇ ಬದಲಿಸಿಬಿಡಬಹುದು. ಆಗ ನಾವು ಓದುವುದೆಲ್ಲ ತಪ್ಪು.

ಮೂರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಸಿರಿ ಕೂಗಿದಳು. ಹೊರಗಿನಿಂದ ಬಂದ ಒಂದು ನೊಣ ಎರಿಯ ಮೇಲೆ ನೇರವಾಗಿ ನಡೆಯುತ್ತ ಹೊಟ್ಟೆಯನ್ನು ಎಡಕ್ಕೂ ಬಲಕ್ಕೂ ಭರಭರ ಅಲ್ಲಾಡಿಸಿತು. ಸ್ವಲ್ಪ ದೂರ ಹೋಗಿ ನಿಂತು, ಬಲಕ್ಕೆ ಅರ್ಧ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂತು. ಮತ್ತೆ ಅದೇ ಗೆರೆಯಲ್ಲಿ ಅಲ್ಲಾಡಿಸುತ್ತ ನಡೆದು, ಈ ಸಲ ಎಡಕ್ಕೆ ಅರ್ಧ ಸುತ್ತು. ಅದು ನಡೆದ ದಾರಿಯನ್ನು ಕಾಗದದ ಮೇಲೆ ಬರೆದರೆ 8ರ ಹಾಗೆ ಕಾಣುತ್ತದೆ. ನಾಲ್ಕೈದು ನೊಣಗಳು ಅದರ ಬೆನ್ನಿಗೇ ಅಂಟಿಕೊಂಡು, ಮೀಸೆಯಂಥ ಸ್ಪರ್ಶತಂತುಗಳಿಂದ ಮುಟ್ಟುತ್ತ ಹಿಂಬಾಲಿಸಿದವು. ಕತ್ತಲಲ್ಲಿ ಅವು ಕುಣಿತವನ್ನು ನೋಡುವುದಿಲ್ಲ, ಮುಟ್ಟಿ ತಿಳಿಯುತ್ತವೆ.

ಈ 8ರಲ್ಲಿ ಸುದ್ದಿ ಇರುವುದು ನಡುವಿನ ನೇರ ಗೆರೆಯಲ್ಲಿ. ಇದನ್ನು 1940ರ ದಶಕದಲ್ಲಿ ಬಿಡಿಸಿ ಹೇಳಿದವರು ಆಸ್ಟ್ರಿಯದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್. ಅವರಿಗೆ 1973ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂತು. ಅವರು ಕಂಡುಕೊಂಡ ಮೊದಲ ಗುಟ್ಟು ದಿಕ್ಕಿನದು. ಗೂಡಿನೊಳಗೆ ಸೂರ್ಯ ಕಾಣುವುದಿಲ್ಲವಲ್ಲ, ಅದಕ್ಕೆ ಜೇನು "ನೆಟ್ಟಗೆ ಮೇಲೆ" ಎಂಬುದನ್ನೇ ಸೂರ್ಯ ಎಂದು ಇಟ್ಟುಕೊಳ್ಳುತ್ತದೆ. ನೇರ ಗೆರೆ ಮೇಲಕ್ಕೆ ಹೋದರೆ ಹೂವು ಸೂರ್ಯನ ಕಡೆಗೇ ಇದೆ. ಕೆಳಕ್ಕೆ ಹೋದರೆ ಸೂರ್ಯನಿಗೆ ಬೆನ್ನು ಹಾಕಿ ಹಾರಬೇಕು. ಮೇಲಿನಿಂದ ಬಲಕ್ಕೆ ಎಷ್ಟು ವಾಲಿದೆಯೋ, ಸೂರ್ಯನಿಂದ ಬಲಕ್ಕೆ ಅಷ್ಟೇ ತಿರುಗಬೇಕು.

ನಮ್ಮ ಜೇನಿನ ಗೆರೆ ಗಡಿಯಾರದಲ್ಲಿ ಎರಡು ಗಂಟೆಯ ಅಂಕಿಯ ಕಡೆಗೆ ವಾಲಿತ್ತು. ಸಿರಿ ನನ್ನ ಹಳೇ ಗೋಡೆ ಗಡಿಯಾರವನ್ನು ಅಂಗಳದಲ್ಲಿ ಅಂಗಾತ ಮಲಗಿಸಿ, ಹನ್ನೆರಡರ ಅಂಕಿಯನ್ನು ಸೂರ್ಯನ ದಿಕ್ಕಿಗೆ ತಿರುಗಿಸಿದಳು. ಆ ಹೊತ್ತಿಗೆ ಸೂರ್ಯ ಪೂರ್ವದಿಂದ ಸ್ವಲ್ಪ ಆಗ್ನೇಯಕ್ಕೆ ಇದ್ದ. ಎರಡರ ಅಂಕಿ ಸರಿಯಾಗಿ ದಕ್ಷಿಣ ತೋರಿಸಿತು.

ಹನ್ನೊಂದು ಗಂಟೆಗೆ ಮತ್ತೆ ನೋಡಿದಾಗ ಕುಣಿತದ ಗೆರೆ ಒಂದೂವರೆಯ ಜಾಗಕ್ಕೆ ಬಂದಿತ್ತು. "ಬೇರೆ ಹೂವು ಸಿಕ್ಕಿತಾ?" ಎಂದಳು ಸಿರಿ. ಗಡಿಯಾರವನ್ನು ಪುನಃ ಸೂರ್ಯನಿಗೆ ತಿರುಗಿಸಿ ನೋಡು ಎಂದೆ. ಒಂದೂವರೆಯ ಜಾಗವೂ ದಕ್ಷಿಣಕ್ಕೇ ಇತ್ತು! ಹೂವು ಕದಲಿರಲಿಲ್ಲ, ಸೂರ್ಯ ಸರಿದಿದ್ದ. ಅದಕ್ಕೆ ತಕ್ಕಂತೆ ಜೇನು ತನ್ನ ಗೆರೆಯನ್ನು ತಾನೇ ತಿದ್ದಿಕೊಂಡಿತ್ತು.

ದಿಕ್ಕೇನೋ ಸಿಕ್ಕಿತು, ಇನ್ನು ದೂರ. ಅದು ಎರಡನೇ ಗುಟ್ಟು. ಹೊಟ್ಟೆ ಅಲ್ಲಾಡಿಸುತ್ತ ಎಷ್ಟು ಹೊತ್ತು ನಡೆಯುತ್ತದೆ ಎಂಬುದರಲ್ಲಿ ದೂರ ಅಡಗಿದೆ. ಹೆಚ್ಚು ಹೊತ್ತು ಅಲ್ಲಾಡಿಸಿದರೆ ಹೂವು ಹೆಚ್ಚು ದೂರ. ಕಣ್ಣಳತೆಯಲ್ಲಿ ಇದನ್ನು ಅಳೆಯಲು ಆಗುವುದಿಲ್ಲ. ಸಿರಿಯ ಅಪ್ಪನ ಮೊಬೈಲಿನಲ್ಲಿ ವಿಡಿಯೋ ಮಾಡಿ ನಿಧಾನವಾಗಿ ಓಡಿಸಿ ನೋಡಿದೆವು. ಒಂದೇ ನೊಣವೂ ಒಂದು ಸಲ ಸ್ವಲ್ಪ ಉದ್ದ, ಇನ್ನೊಂದು ಸಲ ಸ್ವಲ್ಪ ಗಿಡ್ಡ ಕುಣಿಯುತ್ತದೆ. ಅದಕ್ಕೆ ಹತ್ತು ಸಲದ್ದು ಕೂಡಿಸಿ ಸರಾಸರಿ ತೆಗೆದೆವು. ಹೆಚ್ಚುಕಡಿಮೆ 1.2 ಸೆಕೆಂಡ್ ಬಂತು.

ನನ್ನ ಪುಸ್ತಕದಲ್ಲಿ ಒಂದು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಎಂದು ಬರೆದಿತ್ತು. ಸರಿ, 1,200 ಮೀಟರ್ ಎಂದು ಲೆಕ್ಕ ಹಾಕಿ ಅಜ್ಜಿ-ಮೊಮ್ಮಗಳು ಕೊಡೆ ಹಿಡಿದು ದಕ್ಷಿಣಕ್ಕೆ ನಡೆದೆವು. ಹೋಗಿ ಮುಟ್ಟಿದ್ದು ಬೋಳು ಕಲ್ಲಿನ ಗುಡ್ಡಕ್ಕೆ. ಅಲ್ಲಿ ಒಣಗಿದ ಹುಲ್ಲು ಬಿಟ್ಟರೆ ಒಂದು ಹೂವೂ ಇರಲಿಲ್ಲ. "ಜೇನು ಸುಳ್ಳು ಹೇಳಿತು" ಎಂದು ಸಿರಿ ಮುಖ ಊದಿಸಿಕೊಂಡಳು.

ಸುಳ್ಳು ಹೇಳಿದ್ದು ಜೇನಲ್ಲ. ನಾವು ಬೇರೆಯವರ ಅಳತೆಗೋಲು ಹಿಡಿದು ಹೋಗಿದ್ದೆವು. ಪುಸ್ತಕದ ಲೆಕ್ಕ ಯುರೋಪಿನ ಜೇನಿನದು. ಫ್ರಿಶ್ ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕಾಕ್ಕೆ ಬಂದು ನಮ್ಮ ಕಡೆಯ ತುಡುವೆ, ಹೆಜ್ಜೇನು, ಕೋಲುಜೇನುಗಳ ಕುಣಿತ ನೋಡಿದ್ದರು. ಕುಮಟೆಯ ಕನ್ನಡ, ಕಲಬುರಗಿಯ ಕನ್ನಡ ಬೇರೆ ಬೇರೆ ಇರುವ ಹಾಗೆ ಜೇನಿನ ಜಾತಿಗಳಿಗೂ ಅವುಗಳದೇ ಆಡುಭಾಷೆ ಇದೆ. ತುಡುವೆ ಸಾಮಾನ್ಯವಾಗಿ ಹತ್ತಿರದ ಹೂವುಗಳಿಗೇ ಹೋಗುವ ಜೇನು. ಅಷ್ಟೇ ದೂರಕ್ಕೆ ಅದು ಯುರೋಪಿನ ಜೇನಿಗಿಂತ ಹೆಚ್ಚು ಹೊತ್ತು ಅಲ್ಲಾಡಿಸುತ್ತದೆ.

ಹಾಗಾದರೆ ನಮ್ಮ ಜೇನಿನ ಅಳತೆಗೋಲು ಎಷ್ಟುದ್ದ? ಅದನ್ನು ನಾವೇ ಕಂಡುಹಿಡಿಯಬೇಕಾಯಿತು. ಒಂದು ತಟ್ಟೆಯಲ್ಲಿ ಸಕ್ಕರೆ ಪಾಕ ಇಟ್ಟು ಮೊದಲು ಪೆಟ್ಟಿಗೆಯ ಹತ್ತಿರ ಇರಿಸಿದೆವು. ನೊಣಗಳು ಬರತೊಡಗಿದ ಮೇಲೆ ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ದೂರ ಒಯ್ದೆವು. ಹೊರಗೆ ಹೂವು ಚೆನ್ನಾಗಿದ್ದರೆ ಜೇನು ಪಾಕವನ್ನು ಮೂಸಿಯೂ ನೋಡುವುದಿಲ್ಲ. ಎರಡು ಸಲ ಪಾಕವನ್ನು ಇನ್ನೂ ಗಟ್ಟಿ ಮಾಡಬೇಕಾಯಿತು. ಎರಡು ದಿನದಲ್ಲಿ ತಟ್ಟೆ 300 ಮೀಟರ್ ದೂರದ ತೆಂಗಿನ ಬುಡ ಸೇರಿತು. ಅಲ್ಲಿ ಕುಡಿಯುತ್ತಿದ್ದ ನೊಣಗಳ ಬೆನ್ನಿಗೆ ಸಿರಿ ಕಡ್ಡಿಯ ತುದಿಯಿಂದ ಬಿಳಿ ಬಣ್ಣದ ಚುಕ್ಕೆ ಇಟ್ಟಳು. ನಾನು ಜಗಲಿಯಲ್ಲಿ ಕಾದು ಕೂತೆ. ಬಿಳಿ ಚುಕ್ಕೆಯವು ಬಂದು ಕುಣಿದಾಗ ಅಳೆದರೆ ಸುಮಾರು 0.6 ಸೆಕೆಂಡ್.

ಉಳಿದ ಲೆಕ್ಕವನ್ನು ಸಿರಿಯೇ ಮಾಡಿದಳು. 0.6 ಸೆಕೆಂಡಿಗೆ 300 ಮೀಟರ್ ಆದರೆ 1.2 ಸೆಕೆಂಡಿಗೆ 600 ಮೀಟರ್. ಗುಡ್ಡದ ಅರ್ಧ ದೂರ! ಮೊನ್ನೆ ನಾವು ಹೂವನ್ನು ದಾಟಿಕೊಂಡೇ ಮುಂದೆ ಹೋಗಿದ್ದೆವು.

ಮರುದಿನ ಅಲ್ಲಿಗೆ ಹೋದೆವು. ಕುಣಿತ ಹೇಳುವುದು ಸುಮಾರಿನ ಜಾಗವನ್ನು ಮಾತ್ರ, ಇಂಥದೇ ಗಿಡ ಎಂದು ಬೆರಳಿಟ್ಟು ತೋರಿಸುವುದಿಲ್ಲ. ಅಲ್ಲಿ ಸೇರಿದ ಮೇಲೆ ನೊಣಗಳು ಕುಣಿದವಳ ಮೈಗೆ ಅಂಟಿದ್ದ ಹೂವಿನ ವಾಸನೆ ಹಿಡಿದು ಹುಡುಕುತ್ತವೆ. ನಮಗೆ ಅಂಥ ಮೂಗಿಲ್ಲ, ಅತ್ತಿತ್ತ ತಿರುಗಿದೆವು. ಹಳ್ಳ ದಾಟಿ ಅಡಿಕೆ ತೋಟದ ಆಚೆ ಇಳಿದರೆ ಭತ್ತ ಕೊಯ್ದ ಗದ್ದೆಯಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿತ್ತು. ತುಂಬ ಸಣ್ಣ ಹಳದಿ ಹೂವು, ಹೂವಿಗೊಂದು ತುಡುವೆ. ಅವುಗಳಲ್ಲಿ ಒಂದರ ಬೆನ್ನಿನ ಮೇಲೆ ಬಿಳಿ ಚುಕ್ಕೆ ಕಂಡು ಸಿರಿ ಕುಣಿದೇಬಿಟ್ಟಳು.

ಬದುವಿನ ಮೇಲೆ ಔಷಧಿ ಹೊಡೆಯುವ ಪಂಪ್ ಇತ್ತು. ಗದ್ದೆಯವರು ನನಗೆ ಪರಿಚಯದವರೇ. ಬಳ್ಳಿಗೆ ಹೇನು ಹತ್ತಿದೆ, ನಾಳೆ ಬೆಳಿಗ್ಗೆ ತಂಪಿನಲ್ಲಿ ಹೊಡೆಯುತ್ತೇನೆ, ಹೋದ ವರ್ಷವೂ ಹಾಗೇ ಮಾಡಿದ್ದೆ ಎಂದರು. ನನಗೆ ಎದೆ ಧಸಕ್ಕೆಂದಿತು. ನಾನು ಬಾಯಿ ತೆರೆಯುವ ಮೊದಲೇ ಸಿರಿ ಹೇಳಿದಳು: "ಮಾವ, ಬೆಳಿಗ್ಗೆ ಇಲ್ಲಿ ಬರುವುದು ನಮ್ಮ ಮನೆ ಜೇನು. ಹೋದ ವರ್ಷದ್ದು ಎಲ್ಲ ಸತ್ತು ಹೋಯ್ತು."

ಅವರು ಸುಮ್ಮನೆ ನಿಂತರು. ಆಮೇಲೆ "ಗೊತ್ತಿರಲಿಲ್ಲ ಅಕ್ಕಾ" ಎಂದು ನನ್ನ ಕಡೆ ನೋಡಿದರು. ಹೋದ ವರ್ಷ ಬೆಳಿಗ್ಗೆ ಹೊಡೆದ ಮೇಲೆ ಕಾಯಿ ಸರಿಯಾಗಿ ಕಚ್ಚಿರಲಿಲ್ಲ, ಹಲವು ಸೊಟ್ಟಗಾಗಿದ್ದವು ಎಂದು ಅವರೇ ನೆನಪು ಮಾಡಿಕೊಂಡರು. ಕಲ್ಲಂಗಡಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಪರಾಗವನ್ನು ನೊಣ ಹೊತ್ತು ತರದಿದ್ದರೆ ಕಾಯಿ ನಿಲ್ಲುವುದಿಲ್ಲ; ಸಾಕಷ್ಟು ತಾರದಿದ್ದರೆ ಸೊಟ್ಟಗಾಗುತ್ತದೆ. ಕಲ್ಲಂಗಡಿ ಹೂವು ಬೆಳಿಗ್ಗೆ ಅರಳಿ ಅದೇ ಮಧ್ಯಾಹ್ನ ಮುಚ್ಚುತ್ತದೆ, ಮರುದಿನ ಅರಳುವುದು ಹೊಸ ಹೂವು. ಸಂಜೆ ಹೊಡೆದರೆ ಆ ಹೊತ್ತಿನಲ್ಲಿ ಗದ್ದೆಯಲ್ಲಿ ಜೇನೂ ಇರುವುದಿಲ್ಲ, ತೆರೆದ ಹೂವೂ ಇರುವುದಿಲ್ಲ. ಬಹಳ ದಿನ ಉಳಿಯುವ ವಿಷವಾದರೆ ಸಂಜೆ ಹೊಡೆದೂ ಪ್ರಯೋಜನವಿಲ್ಲ, ಅದಕ್ಕೆ ಬೇಗ ಇಳಿದುಹೋಗುವಂಥದ್ದನ್ನೇ ಅಂಗಡಿಯಲ್ಲಿ ಕೇಳಿ ತರುತ್ತೇನೆ ಎಂದರು.

ಎರಡು ದಿನ ಬಿಟ್ಟು, ಹೊತ್ತು ಮುಳುಗಿದ ಮೇಲೆ ಅವರು ಪಂಪ್ ಹೆಗಲಿಗೇರಿಸಿದರು. ಮರುದಿನ ಬೆಳಿಗ್ಗೆ ನಾನೂ ಸಿರಿಯೂ ಕಾಫಿ, ಹಾಲು ಕುಡಿಯದೆ ಪೆಟ್ಟಿಗೆಯ ಮುಂದೆ ಕೂತೆವು. ಸತ್ತ ನೊಣ ಒಂದೂ ಇರಲಿಲ್ಲ ಎನ್ನಲಾರೆ, ಐದಾರು ಬಿದ್ದಿದ್ದವು. ಅಷ್ಟು ದಿನವೂ ಬೀಳುತ್ತವೆ, ಮುದಿಯಾದ ನೊಣಗಳು.

ಒಂಬತ್ತೂವರೆಗೆ ಕಂಬಳಿ ಸರಿಸಿದೆವು. ಕೆಂಪು ಬೆಳಕಿನಲ್ಲಿ ಒಂದು ನೊಣ ಹೊಟ್ಟೆ ಅಲ್ಲಾಡಿಸುತ್ತ, ಎರಡು ಗಂಟೆಯ ಕಡೆಗೆ ನಡೆಯುತ್ತಿತ್ತು.