ನಮ್ಮದೇ ಥೀಸಿಸ್, ಹೊಸ ವಾಕ್ಯ, ಅದೇ ಅಂಕಿ

ಪಿಎಚ್.ಡಿ. ಮುಗಿದ ಮೇಲೆ ಮಹಾಪ್ರಬಂಧದ ಒಂದು ಅಧ್ಯಾಯವನ್ನು ಜರ್ನಲ್‌ಗೆ ಕಳಿಸುವುದು ವಾಡಿಕೆ. ಅಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. "ನಾನೇ ಬರೆದದ್ದಲ್ಲವೇ" ಎಂದು ಥೀಸಿಸ್‌ನ ಪುಟಗಳನ್ನೇ ಎತ್ತಿ ಹಾಕಿದರೆ ಸಾಫ್ಟ್‌ವೇರ್ ಅದನ್ನು ನಕಲು ಎಂದು ತೋರಿಸುತ್ತದೆ. ಗಾಬರಿಯಾಗಿ ಪದಗಳನ್ನು ಬದಲಿಸಲು ಹೊರಟರೆ ಅಂಕಿಗಳ ಅರ್ಥವೇ ಬದಲಾಗುತ್ತದೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು, ಏಕೆಂದರೆ ಅದನ್ನು ಯಾವ ಸಾಫ್ಟ್‌ವೇರೂ ಹಿಡಿಯುವುದಿಲ್ಲ.

ಮೊದಲು ನಿಯಮ ನೋಡೋಣ. ಭಾರತದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಭಂಡಾರಕ್ಕೆ ಸೇರುತ್ತವೆ. ಯಾರು ಬೇಕಾದರೂ ತೆರೆದು ಓದಬಹುದು. ಹಾಗಾಗಿ ಹೋಲಿಕೆ ಪರೀಕ್ಷೆಯಲ್ಲಿ ನಮ್ಮ ಥೀಸಿಸ್ ನಮ್ಮ ಲೇಖನಕ್ಕೇ ಎದುರು ನಿಲ್ಲುತ್ತದೆ. ಯುಜಿಸಿಯ 2018ರ ನಿಯಮಗಳ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಅದರ ಮೇಲೆ ಹಂತಹಂತವಾಗಿ ಕ್ರಮವಿದೆ. ಸಾಮಾನ್ಯ ಜ್ಞಾನದ ಮಾತುಗಳು, ಕಾಕತಾಳೀಯವಾಗಿ ಕೂಡಿಬರುವ ಪದಗಳು ಸತತ 14 ಪದಗಳವರೆಗೆ ಲೆಕ್ಕಕ್ಕಿಲ್ಲ. 2020ರ ಏಪ್ರಿಲ್‌ನಲ್ಲಿ ಯುಜಿಸಿ ಇನ್ನೊಂದು ಮಾತು ಸ್ಪಷ್ಟಪಡಿಸಿತು: ಈಗಾಗಲೇ ಪ್ರಕಟವಾದ ನಮ್ಮದೇ ಬರಹವನ್ನು ಸರಿಯಾಗಿ ಉಲ್ಲೇಖಿಸದೆ ಮತ್ತೆ ಬಳಸುವುದೂ ಒಪ್ಪತಕ್ಕದ್ದಲ್ಲ.

ಈಗ ಕೆಲಸಕ್ಕೆ ಬರೋಣ. ವಿವರಣೆಗಾಗಿ ಕಲ್ಪಿಸಿಕೊಂಡ ಒಂದು ರಾಗಿ ಪ್ರಯೋಗವನ್ನು ತೆಗೆದುಕೊಳ್ಳೋಣ. ಥೀಸಿಸ್‌ನಲ್ಲಿ ಹೀಗಿದೆ ಎಂದುಕೊಳ್ಳಿ:

"2021ರ ಮುಂಗಾರಿನಲ್ಲಿ ಜಿಪಿಯು-28 ರಾಗಿ ತಳಿಗೆ ಶಿಫಾರಸಿನ ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಮತ್ತು ಜೈವಿಕ ಗೊಬ್ಬರ ಕೊಟ್ಟ ತಾಕುಗಳಲ್ಲಿ ಹೆಕ್ಟೇರಿಗೆ 2,846 ಕೆ.ಜಿ. ಕಾಳಿನ ಇಳುವರಿ ದಾಖಲಾಯಿತು. ಇದು ರಸಗೊಬ್ಬರ ಮಾತ್ರ ಕೊಟ್ಟ ತಾಕುಗಳ 2,310 ಕೆ.ಜಿ. ಇಳುವರಿಗಿಂತ ಗಣನೀಯವಾಗಿ ಹೆಚ್ಚು. ರಸಗೊಬ್ಬರಕ್ಕೆ ಜೈವಿಕ ಗೊಬ್ಬರ ಮಾತ್ರ ಸೇರಿಸಿದಾಗ ಬಂದ 2,452 ಕೆ.ಜಿ. ಇಳುವರಿ ರಸಗೊಬ್ಬರದ ಇಳುವರಿಯೊಂದಿಗೆ ಆನ್ ಪಾರ್ ಆಗಿತ್ತು."

ಕೋಷ್ಟಕದ ಕೆಳಗೆ ಸಿ.ಡಿ. 214 ಕೆ.ಜಿ. ಎಂದಿದೆ. ಎರಡು ಇಳುವರಿಗಳ ನಡುವಿನ ಅಂತರ ಈ ಸಂಖ್ಯೆಯನ್ನು ದಾಟಿದರೆ ಮಾತ್ರ ಅದು ಗೊಬ್ಬರದ ಪರಿಣಾಮ ಎನ್ನಲು ಆಧಾರ ಸಿಕ್ಕಂತೆ. ದಾಟದಿದ್ದರೆ, ತಾಕಿನಿಂದ ತಾಕಿಗೆ ಆಗುವ ಸಹಜ ಏರುಪೇರೂ ಅದಕ್ಕೆ ಕಾರಣವಿರಬಹುದು. ಕೃಷಿ ಸಂಶೋಧಕರು "ಆನ್ ಪಾರ್" ಎನ್ನುವುದು ಇಂಥ ಅಂತರಕ್ಕೆ.

ಅವಸರದ ತಿದ್ದುಪಡಿ ಸಾಮಾನ್ಯವಾಗಿ ಹೀಗಿರುತ್ತದೆ: "2021ರ ಮಳೆಗಾಲದಲ್ಲಿ ಜಿಪಿಯು-28 ರಾಗಿ ತಳಿಗೆ ಸೂಚಿತ ರಾಸಾಯನಿಕ ಗೊಬ್ಬರದೊಂದಿಗೆ ಕೊಟ್ಟಿಗೆ ಮತ್ತು ಜೈವಿಕ ಗೊಬ್ಬರ ನೀಡಿದ ತಾಕುಗಳಲ್ಲಿ ಹೆಕ್ಟೇರಿಗೆ ಸುಮಾರು 2,900 ಕೆ.ಜಿ. ಫಸಲು ಬಂತು. ಇದು ರಾಸಾಯನಿಕ ಗೊಬ್ಬರ ಮಾತ್ರ ನೀಡಿದ ತಾಕುಗಳಿಗಿಂತ ಬಹಳ ಹೆಚ್ಚು. ಜೈವಿಕ ಗೊಬ್ಬರ ಮಾತ್ರ ಸೇರಿಸಿದಾಗಲೂ ಇಳುವರಿ 2,452 ಕೆ.ಜಿ.ಗೆ ಏರಿತು."

ಇಲ್ಲಿ ವಾಕ್ಯದ ಹಂದರ ಹಾಗೇ ಉಳಿದಿದೆ. ಅದೇ ಕ್ರಮ, ಅದೇ ಜೋಡಣೆ. ಬದಲಾಗಬಾರದ್ದೇ ಬದಲಾಗಿದೆ. 2,846 ಹೋಗಿ 2,900 ಆಯಿತು. ಹೋಲಿಸಬೇಕಾದ 2,310 ಮಾಯವಾಯಿತು. "ಗಣನೀಯ" ಎಂಬುದು ಸಂಖ್ಯಾಶಾಸ್ತ್ರದ ಪರೀಕ್ಷೆ ಪಾಸಾದ ಗುರುತು. "ಬಹಳ" ಬರೆದವರ ಅನಿಸಿಕೆ. "ಫಸಲು" ಎಂದರೆ ಕಾಳೋ ಹುಲ್ಲೂ ಸೇರಿಯೋ ತಿಳಿಯದು. ಎಲ್ಲಕ್ಕಿಂತ ಕೆಟ್ಟದ್ದು "ಏರಿತು" ಎಂಬ ಮಾತು. 2,452ರಲ್ಲಿ 2,310 ಕಳೆದರೆ 142. ಅದು 214ನ್ನು ಮುಟ್ಟಿಲ್ಲ. ಏರಿಕೆ ಸಾಬೀತಾಗದ ಕಡೆ ಏರಿಕೆ ಇದೆ ಎಂದು ಬರೆದಂತಾಯಿತು. ಈ ಸಾಲನ್ನು ನಂಬಿದ ರೈತ ಜೈವಿಕ ಗೊಬ್ಬರಕ್ಕೆ ದುಡ್ಡು ಹಾಕುತ್ತಾನೆ.

ಸಮಾನಾರ್ಥಕ ಪದಗಳನ್ನು ಕಣ್ಣುಮುಚ್ಚಿ ತುಂಬುವ ಚಾಳಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಾಬೆ ಮತ್ತು ಅಲೆಕ್ಸಾಂಡರ್ ಮಗಜಿನೋವ್ ತೋರಿಸಿದರು. ಪ್ರಕಟಿತ ಲೇಖನಗಳಲ್ಲೇ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಹೋಗಿ "ಕೌಂಟರ್‌ಫಿಟ್ ಕಾನ್ಷಿಯಸ್‌ನೆಸ್" ಆಗಿತ್ತು. ಇಂಥವನ್ನು ಅವರು "ಟಾರ್ಚರ್ಡ್ ಫ್ರೇಸಸ್", ಅಂದರೆ ಚಿತ್ರಹಿಂಸೆಗೊಳಗಾದ ಪದಗುಚ್ಛಗಳು ಎಂದು ಕರೆದರು. ಪಾರಿಭಾಷಿಕ ಪದವನ್ನು ಬದಲಿಸಬೇಕಾಗಿಲ್ಲ. ತಳಿಯ ಹೆಸರು, ಪ್ರಯೋಗ ವಿನ್ಯಾಸದ ಹೆಸರು, ಅಳತೆಯ ಹೆಸರು ಎಲ್ಲರ ಲೇಖನದಲ್ಲೂ ಒಂದೇ ಇರುತ್ತವೆ, ಇರಬೇಕು ಕೂಡ.

ಹಾಗಾದರೆ ಸರಿಯಾದ ದಾರಿ ಯಾವುದು? ಥೀಸಿಸ್‌ನ ವಾಕ್ಯವನ್ನು ಎದುರಿಗಿಟ್ಟುಕೊಂಡು ತಿದ್ದಬೇಡಿ. ಥೀಸಿಸ್ ಮುಚ್ಚಿ, ಕೋಷ್ಟಕ ಮಾತ್ರ ತೆರೆದಿಡಿ. ಒಂದು ಹಾಳೆಯಲ್ಲಿ ಕದಲಿಸಬಾರದ ಸಂಗತಿಗಳನ್ನು ಬರೆದುಕೊಳ್ಳಿ: ಮೂರು ಇಳುವರಿಗಳು, ಘಟಕ, ಹಂಗಾಮು, ತಳಿ, ಸಿ.ಡಿ., ಯಾವುದು ಗಣನೀಯ, ಯಾವುದು ಆನ್ ಪಾರ್. ಆಮೇಲೆ ಈ ಲೇಖನದ ಪ್ರಶ್ನೆ ಏನೆಂದು ಕೇಳಿಕೊಳ್ಳಿ. ಥೀಸಿಸ್ ಅಧ್ಯಾಯ ಮಾಡಿದ್ದನ್ನೆಲ್ಲ ಕೋಷ್ಟಕದ ಸಾಲಿನಂತೆ ವರದಿ ಮಾಡುತ್ತದೆ. ಲೇಖನ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಪ್ರಶ್ನೆ ಬದಲಾದರೆ ವಾಕ್ಯದ ಆರಂಭ, ಒತ್ತು, ಕ್ರಮ ಎಲ್ಲವೂ ತಾನಾಗಿ ಬದಲಾಗುತ್ತವೆ.

ಜೈವಿಕ ಗೊಬ್ಬರ ಸೇರಿಸಿದರಷ್ಟೇ ಸಾಕೇ ಎಂಬುದು ಲೇಖನದ ಪ್ರಶ್ನೆಯಾದರೆ ಹೀಗೆ ಬರೆಯಬಹುದು: "ಶಿಫಾರಸಿನ ರಸಗೊಬ್ಬರಕ್ಕೆ ಜೈವಿಕ ಗೊಬ್ಬರವೊಂದನ್ನೇ ಸೇರಿಸಿದಾಗ ಜಿಪಿಯು-28 ರಾಗಿಯಲ್ಲಿ ಕಂಡ ಅಂತರ ಹೆಕ್ಟೇರಿಗೆ 142 ಕೆ.ಜಿ. ಮಾತ್ರ (2,310 ಮತ್ತು 2,452), ಸಿ.ಡಿ. 214 ಆಗಿದ್ದರಿಂದ ಇದನ್ನು ಗಣನೀಯ ಎನ್ನಲಾಗದು. ಕೊಟ್ಟಿಗೆ ಗೊಬ್ಬರವೂ ಜೊತೆಗೂಡಿದಾಗ ಕಾಳಿನ ಇಳುವರಿ 2,846 ಕೆ.ಜಿ. ಆಯಿತು. ರಸಗೊಬ್ಬರ ಮಾತ್ರ ಪಡೆದ ತಾಕುಗಳಿಗೆ ಹೋಲಿಸಿದರೆ ಇದು ಶೇ 23.2ರಷ್ಟು, ಗಣನೀಯ ಹೆಚ್ಚಳ. ಈ ಫಲಿತಾಂಶ 2021ರ ಮುಂಗಾರಿಗೆ ಸೀಮಿತ."

ಶೇ 23.2 ಹೊಸ ದತ್ತಾಂಶವಲ್ಲ. 536ನ್ನು 2,310ರಿಂದ ಭಾಗಿಸಿದರೆ ಬರುವ ಲೆಕ್ಕ. ಹೀಗೆ ಲೆಕ್ಕ ಹಾಕುವುದು ತಪ್ಪಲ್ಲ, ಆದರೆ ಮೂಲ ಅಂಕಿಗಳು ಪಕ್ಕದಲ್ಲೇ ಇರಬೇಕು. ಬರೆದು ಮುಗಿದ ಮೇಲೆ ಪ್ರತಿ ಸಂಖ್ಯೆಯನ್ನೂ ಕೋಷ್ಟಕದೊಂದಿಗೆ ಪೆನ್ನು ಹಿಡಿದು ತಾಳೆ ನೋಡಿ. ಕ್ರಿಯಾಪದಗಳ ಮೇಲೂ ಬೆರಳಿಡಿ. ಥೀಸಿಸ್‌ನಲ್ಲಿ "ಸಂಬಂಧ ಕಂಡುಬಂತು" ಎಂದಿದ್ದದ್ದು ಲೇಖನದಲ್ಲಿ "ಕಾರಣವಾಯಿತು" ಎಂದಾಗಿದ್ದರೆ ದತ್ತಾಂಶ ಬದಲಾದಂತೆಯೇ.

ಸಾಮಗ್ರಿ ಮತ್ತು ವಿಧಾನದ ಭಾಗಕ್ಕೆ ಇಷ್ಟು ಕಷ್ಟಪಡಬೇಕಿಲ್ಲ. ಮಣ್ಣಿನ ಮಾದರಿ ತೆಗೆದ ಬಗೆಯನ್ನು ಹೇಳಲು ಇರುವ ದಾರಿಗಳೇ ಕಡಿಮೆ. ಪ್ರಕಟಣಾ ನೀತಿಗೆ ಮಾರ್ಗದರ್ಶನ ನೀಡುವ ಕೋಪ್ ಸಂಸ್ಥೆಯೂ ಈ ಭಾಗದಲ್ಲಿ ಒಂದಷ್ಟು ಮರುಬಳಕೆ ಅನಿವಾರ್ಯ ಎಂದು ಒಪ್ಪುತ್ತದೆ. ಹೋಲಿಕೆ ವರದಿ ಬಂದಾಗ ಒಟ್ಟು ಶೇಕಡವನ್ನಷ್ಟೇ ನೋಡಬೇಡಿ. ಬಣ್ಣ ಎಲ್ಲಿ ಬಿದ್ದಿದೆ ನೋಡಿ. ವಿಧಾನದಲ್ಲಿ ಬಿದ್ದರೆ ಉಲ್ಲೇಖ ಕೊಟ್ಟು ಮುಂದುವರಿಯಬಹುದು. ಚರ್ಚೆಯ ಭಾಗದಲ್ಲಿ ಇಡೀ ಪ್ಯಾರಾ ಬಣ್ಣವಾಗಿದ್ದರೆ ಅದನ್ನು ಕೋಷ್ಟಕದಿಂದಲೇ ಹೊಸದಾಗಿ ಬರೆಯಬೇಕು.

ಎಷ್ಟೇ ಹೊಸದಾಗಿ ಬರೆದರೂ ದತ್ತಾಂಶ ಥೀಸಿಸ್‌ನದು ಎಂಬುದನ್ನು ಮುಚ್ಚಿಡುವಂತಿಲ್ಲ. ಥೀಸಿಸ್ ಅನ್ನು ಉಲ್ಲೇಖಗಳ ಪಟ್ಟಿಗೆ ಸೇರಿಸಿ. ಲೇಖನದ ಅಡಿಟಿಪ್ಪಣಿಯಲ್ಲೂ ಸಂಪಾದಕರಿಗೆ ಬರೆಯುವ ಪತ್ರದಲ್ಲೂ "ಈ ಲೇಖನ ಲೇಖಕರ ಪಿಎಚ್.ಡಿ. ಮಹಾಪ್ರಬಂಧದ ಒಂದು ಭಾಗವನ್ನು ಆಧರಿಸಿದೆ" ಎಂದು ತಿಳಿಸಿ. ಥೀಸಿಸ್ ಆಧಾರಿತ ಲೇಖನಗಳಿಗೆ ಜರ್ನಲ್‌ನ ನೀತಿ ಏನೆಂದು ಕಳಿಸುವ ಮುನ್ನವೇ ಓದಿಕೊಳ್ಳಿ. ಹೋಲಿಕೆ ಶೇಕಡ ಇಳಿಸಲೆಂದು ಒಂದು ಅಂಕಿಯನ್ನೋ ಒಂದು "ಆನ್ ಪಾರ್" ಅನ್ನೋ ಕದಲಿಸುವ ಹೊತ್ತು ಬಂದರೆ, ಹಳೆಯ ವಾಕ್ಯವನ್ನೇ ಉದ್ಧರಣ ಚಿಹ್ನೆಯೊಳಗೆ, ಉಲ್ಲೇಖದ ಸಮೇತ ಇಟ್ಟುಬಿಡಿ. ಅದು ಪ್ರಾಮಾಣಿಕ, ನಿಯಮಕ್ಕೂ ಬದ್ಧ.